ತರಬೇತುದಾರರನ್ನು ಪರಿಚಯಿಸುವ ಮುಕ್ಕಾಲು ನಿಮಿಷ

ಶಾಲೆಯ ಕ್ರೀಡಾ ದಿನಾಚರಣೆಯಲ್ಲಿ ಮುಖ್ಯ ಅತಿಥಿಯನ್ನು ಪರಿಚಯಿಸುವ ಹೊಣೆ ಯಾರ ಪಾಲಿಗೆ ಬರುತ್ತದೆಯೋ ಅವರ ಕೈಗೆ ಹಿಂದಿನ ದಿನ ಸಂಜೆ ಒಂದು ಹಾಳೆ ಬಂದು ಸೇರುತ್ತದೆ. ಅತಿಥಿಯ ಸ್ವವಿವರ. ಹುಟ್ಟಿದ ವರ್ಷ, ಓದಿದ್ದು, ಕೆಲಸಕ್ಕೆ ಸೇರಿದ್ದು, ಪಡೆದ ಪ್ರಮಾಣಪತ್ರಗಳು, ಸಂದ ಸನ್ಮಾನಗಳು, ಸದಸ್ಯರಾಗಿರುವ ಸಮಿತಿಗಳು. ಮರುದಿನ ಬೆಳಿಗ್ಗೆ ಆ ಹಾಳೆಗೆ ಒಂದಷ್ಟು ವಿಶೇಷಣಗಳನ್ನು ಪೋಣಿಸಿ ಓದಿದರೆ ಕೆಲಸ ಮುಗಿಯಿತು ಎಂಬುದು ರೂಢಿ. ನಾನು ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಕಾರ್ಯಕ್ರಮಗಳ ನಿರೂಪಣೆ ಬಹುಕಾಲದಿಂದ ನನ್ನ ಹೆಗಲ ಮೇಲಿದೆ. ಸಾಹಿತಿ ಬಂದರೂ ಅಧಿಕಾರಿ ಬಂದರೂ ಈ ರೂಢಿ ಹೇಗೋ ನಡೆದುಹೋಗುತ್ತದೆ. ಕ್ರೀಡಾ ತರಬೇತುದಾರರು ಬಂದಾಗ ಮಾತ್ರ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ, ಬದಲಿಗೆ ಏನು ಮಾಡಬಹುದು ಎಂಬುದನ್ನು ಈಚೆಗೆ ನಾವು ಸಿದ್ಧಪಡಿಸಿದ ಒಂದು ಪರಿಚಯವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ತೊಡಕು ಮೈದಾನದ್ದೇ. ಸಭಾಂಗಣದಲ್ಲಿ ನಡೆಯುವ ಮಾತು ಬಯಲಿನಲ್ಲಿ ನಡೆಯುವುದಿಲ್ಲ. ಎಂಟು ಪಥಗಳ 400 ಮೀಟರ್ ಟ್ರ್ಯಾಕ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 175 ಮೀಟರ್ ಉದ್ದವಿರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ಪಕ್ಕದ ಧ್ವನಿವರ್ಧಕದಿಂದ ಹೊರಟ ಮಾತು ಆಚೆ ತುದಿಯಲ್ಲಿ ನಿಂತ ಮಕ್ಕಳಿಗೆ ತಲುಪುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ, ಎಲ್ಲ ಮಾತೂ ಸಮನಾಗಿ ತಡವಾಗಿ ಕೇಳುತ್ತಿತ್ತು. ಆದರೆ ಆ ತುದಿಯಲ್ಲೂ ಇನ್ನೊಂದು ಧ್ವನಿವರ್ಧಕ ಕಟ್ಟಿರುತ್ತಾರೆ. ಅದರ ಮಾತು ಮಕ್ಕಳಿಗೆ ತಕ್ಷಣ ಕೇಳುತ್ತದೆ, ವೇದಿಕೆಯ ಕಡೆಯಿಂದ ಅದೇ ಮಾತು ಅರ್ಧ ಸೆಕೆಂಡು ತಡವಾಗಿ ಅದರ ಬೆನ್ನ ಮೇಲೆ ಬಂದು ಬೀಳುತ್ತದೆ. ಅರ್ಧ ಸೆಕೆಂಡಿನಲ್ಲಿ ನಾವು ಒಂದು ಪದವನ್ನಾದರೂ ಆಡಿರುತ್ತೇವೆ. ಎಡೆಬಿಡದೆ ಓದಿದರೆ ಆ ಮಕ್ಕಳಿಗೆ ಪ್ರತಿ ಪದದ ಮೇಲೂ ಹಿಂದಿನ ಪದ ಕೂತಿರುತ್ತದೆ.

ಈಗ ಈ ಮೈದಾನದಲ್ಲಿ ನಮ್ಮ ರೂಢಿಯ ವಾಕ್ಯವನ್ನು ಇಟ್ಟು ನೋಡಿ: ‘ಕ್ರೀಡಾ ಕ್ಷೇತ್ರದಲ್ಲಿ ಅಪಾರ ಸಾಧನೆಗೈದು, ಹಲವಾರು ಪ್ರಶಸ್ತಿ ಪುರಸ್ಕಾರಗಳಿಗೆ ಭಾಜನರಾಗಿ, ನೂರಾರು ಕ್ರೀಡಾಪಟುಗಳಿಗೆ ದಾರಿದೀಪವಾಗಿ, ಸರಳತೆಯ ಸಾಕಾರಮೂರ್ತಿಯಾಗಿ ನಮ್ಮೆಲ್ಲರ ಅಚ್ಚುಮೆಚ್ಚಿನ…’ ಗೈದು, ಆಗಿ, ಆಗಿ, ಆಗಿ ಎಂದು ವಾಕ್ಯ ಹೊರಟರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು ಓದುತ್ತಿರುವವರಿಗೂ ತಿಳಿದಿರುವುದಿಲ್ಲ. ಪುಟದ ಮೇಲೆ ಇದನ್ನು ಕಣ್ಣು ಹಿಂದೆ ಮುಂದೆ ಓಡಿಸಿ ಅರ್ಥ ಮಾಡಿಕೊಳ್ಳಬಹುದು. ಬಿಸಿಲಲ್ಲಿ ಸಾಲಾಗಿ ನಿಂತ ಆರನೆಯ ತರಗತಿಯ ಹುಡುಗನಿಗೆ ಅದು ಬರೀ ಗದ್ದಲ. ಪರಿಚಯ ಸೋಲುತ್ತಿದೆ ಎಂಬುದನ್ನು ವೇದಿಕೆಯ ಮೇಲಿಂದಲೇ ಗುರುತಿಸಬಹುದು. ಕೊನೆಯ ಸಾಲಿನ ಮಕ್ಕಳು ಮೊದಲು ಕಾಲು ಬದಲಾಯಿಸುತ್ತಾರೆ, ಆಮೇಲೆ ಪಕ್ಕದವರ ಟೋಪಿ ಎಳೆಯುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಕೂರುತ್ತಾರೆ. ಕುರ್ಚಿಯ ಮೇಲಿರುವ ತರಬೇತುದಾರರೂ ಅದನ್ನೇ ನೋಡುತ್ತಿರುತ್ತಾರೆ. ಮಕ್ಕಳ ಸಾಲನ್ನು ನೋಡುವುದು ಅವರ ಕಸುಬು ತಾನೆ.

ಎರಡನೆಯ ತೊಡಕು ಇದಕ್ಕಿಂತ ಆಳದ್ದು. ಆಟಗಾರರನ್ನು ಪರಿಚಯಿಸುವುದು ಸುಲಭ. ಅವರ ಸಾಧನೆಗೆ ಅಂಕಿ ಇದೆ, ಪದಕ ಇದೆ, ಛಾಯಾಚಿತ್ರ ಇದೆ. ತರಬೇತುದಾರರ ಸಾಧನೆ ಇನ್ನೊಬ್ಬರ ಕೊರಳಲ್ಲಿ ನೇತಾಡುತ್ತಿರುತ್ತದೆ. ಒ. ಎಂ. ನಂಬಿಯಾರ್ ಅವರನ್ನು ನೆನಪಿಸಿಕೊಳ್ಳಿ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದಾಗ ಅದನ್ನು ಪಡೆದ ಮೊದಲಿಗರಲ್ಲಿ ಅವರೊಬ್ಬರು. ಆದರೆ ಅವರ ಹೆಸರು ಹೇಳಿದರೆ ಮೈದಾನದ ಬಹುಪಾಲು ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ. ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ, ಆ ಓಟಕ್ಕೆ ಅವರನ್ನು ಅಣಿಗೊಳಿಸಿದ ಗುರು ಇವರು ಎಂದರೆ ಎಲ್ಲರ ಕಿವಿ ನಿಮಿರುತ್ತದೆ. ಪ್ರಶಸ್ತಿಯ ಹೆಸರು ಆ ಕೆಲಸ ಮಾಡಲಿಲ್ಲ, ನೂರನೇ ಒಂದು ಭಾಗ ಮಾಡಿತು. ಅಷ್ಟು ಸಣ್ಣ ಅಂತರ ಇರುವ ಲೋಕದಲ್ಲಿ ಒಬ್ಬರು ಬದುಕನ್ನೇ ಕಳೆದಿದ್ದಾರೆ ಎಂಬುದು ಮಕ್ಕಳಿಗೆ ತಟ್ಟನೆ ಅರಿವಾಗುತ್ತದೆ.

ಹಾಗೆಂದು ಶಿಷ್ಯರ ಪಟ್ಟಿ ಓದಿದರೂ ಕೆಲಸ ಕೆಟ್ಟಂತೆಯೇ. ಆಗ ಪರಿಚಯ ಶಿಷ್ಯರದ್ದಾಗುತ್ತದೆ, ಗುರು ಬದಿಗೆ ಸರಿಯುತ್ತಾರೆ. ತರಬೇತುದಾರರನ್ನು ತೋರಿಸಬೇಕಾದರೆ ಅವರು ಮೈದಾನದಲ್ಲಿ ಮಾಡುವ ಒಂದು ಕೆಲಸವನ್ನು ತೋರಿಸಬೇಕು. ರಮಾಕಾಂತ್ ಅಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಸ್ವವಿವರದ ಲೆಕ್ಕದಲ್ಲಿ ಅದು ಬಡ ಸಾಲು. ಆದರೆ ಸ್ಟಂಪ್‌ನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಸಚಿನ್ ತೆಂಡೂಲ್ಕರ್ ಅವರನ್ನು ಔಟ್ ಮಾಡಿದ ಬೌಲರ್‌ಗೆ ಅದು, ಯಾರೂ ಔಟ್ ಮಾಡದಿದ್ದರೆ ಸಚಿನ್‌ಗೆ ಎಂದು ಅಭ್ಯಾಸ ಮಾಡಿಸುತ್ತಿದ್ದ ಸಂಗತಿ ಇದೆಯಲ್ಲ, ಅದರಲ್ಲಿ ಆ ಮನುಷ್ಯರ ತರಬೇತಿಯ ಬಗೆಯೇ ಇದೆ. ದಣಿದ ಹುಡುಗನನ್ನು ಕ್ರೀಸಿನಲ್ಲಿ ನಿಲ್ಲಿಸುವುದು ಹೇಗೆ, ಬೌಲರ್‌ಗಳ ಹುರುಪು ಆರದಂತೆ ನೋಡಿಕೊಳ್ಳುವುದು ಹೇಗೆ, ಎರಡಕ್ಕೂ ಒಂದೇ ನಾಣ್ಯ. ಇಂಥದ್ದೊಂದು ನಾಣ್ಯ ಪ್ರತಿಯೊಬ್ಬ ತರಬೇತುದಾರರ ಬಳಿಯೂ ಇರುತ್ತದೆ. ಅವರು ಕಳಿಸಿದ ಹಾಳೆಯಲ್ಲಿ ಮಾತ್ರ ಇರುವುದಿಲ್ಲ, ಏಕೆಂದರೆ ಅದನ್ನು ಅವರು ಸಾಧನೆ ಎಂದುಕೊಂಡೇ ಇರುವುದಿಲ್ಲ.

ನಮ್ಮ ಶಾಲೆಗೆ ಬರಲಿದ್ದವರು ರಿಲೇ ಓಟದ ತರಬೇತುದಾರರು. ಅವರ ಹಾಳೆಯಲ್ಲಿ ಹದಿನಾಲ್ಕು ಅಂಶಗಳಿದ್ದವು. ಓದಿದರೆ ಮೂರು ನಿಮಿಷಕ್ಕೆ ಸಾಕಾಗುವಷ್ಟು ಸರಕು. ಅದನ್ನು ಪಕ್ಕಕ್ಕಿಟ್ಟು ಅವರಿಗೆ ದೂರವಾಣಿ ಕರೆ ಮಾಡಿದೆ. ‘ಮೇಡಂ, ಹಾಳೆ ಬಂದಿದೆ, ಆದರೆ ಅದರಲ್ಲಿ ಇಲ್ಲದ್ದನ್ನು ಕೇಳಬೇಕಿತ್ತು’ ಎಂದೆ. ‘ಅದರಲ್ಲಿ ಇಲ್ಲದ್ದು ಏನಿದೆ ಸರ್, ಎಲ್ಲ ಬರೆದಿದ್ದೇನಲ್ಲ’ ಎಂದರು.

ಇಂಥ ಕರೆಯಲ್ಲಿ ‘ನಿಮ್ಮ ಸಾಧನೆ ಹೇಳಿ’ ಎಂದು ಕೇಳಿದರೆ ಹಾಳೆಯೇ ಮತ್ತೊಮ್ಮೆ ಕಿವಿಗೆ ಬೀಳುತ್ತದೆ. ನಾನು ಕೇಳುವುದು ಬೇರೆ. ಅಭ್ಯಾಸದ ಹೊತ್ತಿನಲ್ಲಿ ನೀವು ಅತಿ ಹೆಚ್ಚು ಸಲ ಕೂಗುವ ಮಾತು ಯಾವುದು? ಹೊಸದಾಗಿ ಬಂದ ಮಗುವಿಗೆ ಮೊದಲ ವಾರ ಏನು ಮಾಡಿಸುತ್ತೀರಿ? ಮಕ್ಕಳು ಯಾವ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ? ಇವಕ್ಕೆ ಉತ್ತರ ಕೊಡುವಾಗ ತರಬೇತುದಾರರ ದನಿಯೇ ಬದಲಾಗುತ್ತದೆ. ಅವರು ತಮ್ಮ ಬಗ್ಗೆ ಮಾತಾಡುವುದನ್ನು ಬಿಟ್ಟು ಕೆಲಸದ ಬಗ್ಗೆ ಮಾತಾಡತೊಡಗುತ್ತಾರೆ.

ಮೇಡಂ ಹೇಳಿದ್ದು ಹೀಗೆ. 4x100 ಮೀಟರ್ ರಿಲೇಯಲ್ಲಿ ಬ್ಯಾಟನ್ ಪಡೆಯುವ ಓಟಗಾರ್ತಿ ಹಿಂದೆ ತಿರುಗಿ ನೋಡುವುದಿಲ್ಲ. ಹಿಂದಿನಿಂದ ಬರುವ ಗೆಳತಿ ನೆಲದ ಮೇಲೆ ಅಂಟಿಸಿದ ಗುರುತನ್ನು ದಾಟಿದ ಕೂಡಲೇ ಇವಳು ಮುಂದಕ್ಕೆ ಚಿಮ್ಮುತ್ತಾಳೆ, ಪೂರ್ಣ ವೇಗಕ್ಕೆ ಏರುತ್ತಾಳೆ. ಹಿಂದಿನವಳು ‘ಕೈ!’ ಎಂದು ಕೂಗುತ್ತಾಳೆ. ಇವಳು ಕೈಯನ್ನು ಹಿಂದಕ್ಕೆ ಚಾಚುತ್ತಾಳೆ. ಬ್ಯಾಟನ್ ಅಂಗೈಗೆ ಬಂದು ಬೀಳುತ್ತದೆ. ಇದಿಷ್ಟೂ ನಡೆಯಬೇಕಾದದ್ದು 30 ಮೀಟರ್ ಉದ್ದದ ವಲಯದೊಳಗೆ. ಬ್ಯಾಟನ್ ಆ ವಲಯದ ಹೊರಗೆ ಕೈ ಬದಲಾದರೆ ತಂಡವೇ ಅನರ್ಹ. ‘ಹೊಸ ಮಕ್ಕಳು ತಿರುಗಿ ನೋಡಿಯೇ ನೋಡುತ್ತಾರೆ ಸರ್. ತಿರುಗಿದರೆ ಭುಜ ಓರೆಯಾಗುತ್ತದೆ, ವೇಗ ಸಾಯುತ್ತದೆ. ಓಡುವುದನ್ನು ಅವರು ಹೇಗೋ ಕಲಿಯುತ್ತಾರೆ. ನಾನು ಕಲಿಸುವುದು ತಿರುಗದೆ ಇರುವುದನ್ನು’ ಎಂದರು.

ನಾಣ್ಯ ಸಿಕ್ಕಿತು. ಆ ಹದಿನಾಲ್ಕು ಅಂಶಗಳಲ್ಲಿ ಇದು ಎಲ್ಲೂ ಇರಲಿಲ್ಲ.

ಬರೆಯಲು ಕೂತಾಗ ಒಂದೆರಡು ಸಂಗತಿಗಳನ್ನು ಸರಿನೋಡಬೇಕಾಯಿತು. ನಮ್ಮ ಗ್ರಂಥಾಲಯದ ಹಳೆಯ ದೈಹಿಕ ಶಿಕ್ಷಣ ಪುಸ್ತಕದಲ್ಲಿ ಬ್ಯಾಟನ್ ಬದಲಾವಣೆಯ ವಲಯ 20 ಮೀಟರ್ ಎಂದಿದೆ. ಅದರ ಹಿಂದೆ ವೇಗ ಪಡೆದುಕೊಳ್ಳಲು 10 ಮೀಟರ್ ಬೇರೆಯಾಗಿ ಇರುತ್ತಿತ್ತು. 2017ರ ಕೊನೆಯಲ್ಲಿ ನಿಯಮ ಬದಲಾಗಿ ಎರಡೂ ಸೇರಿ 30 ಮೀಟರಿನ ಒಂದೇ ವಲಯವಾಯಿತು. ಹಳೆಯ ಪುಸ್ತಕ ನಂಬಿ ‘ಇಪ್ಪತ್ತು ಮೀಟರ್’ ಎಂದು ಮೈಕಿನಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ, ಆದರೆ ಅತಿಥಿಗೆ ಅಲ್ಲೇ ಮುಳ್ಳು ಚುಚ್ಚುತ್ತದೆ. ತಮ್ಮ ಕಸುಬಿನ ಅಳತೆ ತಪ್ಪಾಗಿ ಕೇಳಿದ ಮೇಲೆ ಹೊಗಳಿಕೆಯ ಯಾವ ಮಾತೂ ಅವರಿಗೆ ರುಚಿಸುವುದಿಲ್ಲ.

ಇನ್ನೊಂದು, ಮಟ್ಟಗಳ ವಿಷಯ. ರಾಜ್ಯ ಮಟ್ಟದಲ್ಲಿ ಗೆದ್ದು ರಾಷ್ಟ್ರ ಮಟ್ಟಕ್ಕೆ ಆಯ್ಕೆಯಾದ ತಂಡವನ್ನು ನಿರೂಪಕರು ಸಲೀಸಾಗಿ ‘ರಾಷ್ಟ್ರ ಮಟ್ಟದಲ್ಲಿ ಗೆದ್ದ ತಂಡ’ ಮಾಡಿಬಿಡುತ್ತಾರೆ. ಆಯ್ಕೆಯಾಗುವುದು, ಭಾಗವಹಿಸುವುದು, ಅಂತಿಮ ಓಟಕ್ಕೆ ಏರುವುದು, ಪದಕ ಗೆಲ್ಲುವುದು, ಇವು ನಾಲ್ಕೂ ಬೇರೆ ಬೇರೆ. ಒಂದೊಂದರ ನಡುವೆಯೂ ವರ್ಷಗಳ ಬೆವರಿದೆ ಎಂಬುದು ಅತಿಥಿಯ ಕುರ್ಚಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ದೊಡ್ಡದು ಮಾಡಿ ಹೇಳಿದರೆ ಅವರು ಹಿಗ್ಗುವುದಿಲ್ಲ, ಮುಜುಗರಪಡುತ್ತಾರೆ. ಮೈಕ್ ಕೈಗೆ ಬಂದ ಮೇಲೆ ಮೊದಲ ಮಾತಿನಲ್ಲೇ ತಿದ್ದುವವರೂ ಇದ್ದಾರೆ. ನಾವು ಬರೆಯಲಿದ್ದ ಒಂದೇ ಒಂದು ಫಲಿತಾಂಶದ ಸಾಲನ್ನು ನಾನು ಅವರಿಗೆ ದೂರವಾಣಿಯಲ್ಲಿ ಓದಿ ಹೇಳಿದೆ. ‘ತಂಡ’ ಎಂದಿದ್ದ ಕಡೆ ‘ಹುಡುಗಿಯರ ತಂಡ’ ಎಂದು ಸೇರಿಸಲು ಹೇಳಿದರು. ಅಷ್ಟೇ ತಿದ್ದುಪಡಿ.

ಬಿಟ್ಟದ್ದು ಬಹಳ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡವೂ ಮಹಿಳೆಯರ ತಂಡವೂ 4x100 ರಿಲೇಯ ಅರ್ಹತಾ ಸುತ್ತಿನಲ್ಲೇ ಬ್ಯಾಟನ್ ಕೆಳಗೆ ಬೀಳಿಸಿ ಹೊರಬಿದ್ದವು. ಲೋಕದ ಅತಿ ವೇಗದ ಕಾಲುಗಳಿದ್ದೂ ಕೈ ಸೋತ ಕತೆ. ಈ ಸಂಗತಿಯ ಮೇಲೆ ನನಗೆ ಬಲು ಆಸೆಯಿತ್ತು. ಕರಡಿನಲ್ಲಿ ಇಟ್ಟೂ ಇದ್ದೆ. ಆದರೆ ಅದು ಇನ್ನೊಂದು ದೇಶ, ಇನ್ನೊಂದು ಕಾಲ, ಇನ್ನೊಂದು ತಂಡ. ಮೈದಾನದ ಗಮನವನ್ನು ಅಷ್ಟು ದೂರ ಕರೆದೊಯ್ದರೆ ಮತ್ತೆ ಅತಿಥಿಯ ಕುರ್ಚಿಯ ತನಕ ಕರೆತರಲು ಇನ್ನೆರಡು ವಾಕ್ಯ ಬೇಕು. ಅದು ವಂದನಾರ್ಪಣೆಗೂ ಬೇಡ, ತರಗತಿಯಲ್ಲಿ ಹೇಳಿಕೊಳ್ಳಬಹುದು ಎಂದು ತೆಗೆದೆ. ಅತಿಥಿ ತಾವೇ ಓಟಗಾರ್ತಿಯಾಗಿದ್ದಾಗ ಗೆದ್ದ ಪದಕಗಳನ್ನೂ ಬಿಟ್ಟೆವು. ಇದರ ಬಗ್ಗೆ ನಮ್ಮ ದೈಹಿಕ ಶಿಕ್ಷಕರಿಗೂ ನನಗೂ ಸ್ವಲ್ಪ ವಾದವಾಯಿತು. ‘ಆಟಗಾರರಾಗಿ ಏನೂ ಮಾಡಿಲ್ಲ ಎಂದು ಮಕ್ಕಳು ತಿಳಿದುಕೊಂಡರೆ?’ ಎಂಬುದು ಅವರ ಆತಂಕ. ನನ್ನ ಉತ್ತರ ಇಷ್ಟೇ: ಊವೆ ಹೋನ್ 1984ರಲ್ಲಿ ಈಟಿಯನ್ನು 104.80 ಮೀಟರ್ ಎಸೆದವರು, ನೂರು ಮೀಟರ್ ದಾಟಿಸಿದ ಏಕೈಕ ಎಸೆತಗಾರ. ಮುಂದೆ ಅವರು ಕೆಲ ಕಾಲ ನೀರಜ್ ಚೋಪ್ರಾ ಅವರ ತರಬೇತುದಾರರೂ ಆಗಿದ್ದರು. ಅವರು ಬಂದರೆ ಆ ಎಸೆತವನ್ನು ಹೇಳದೆ ಬಿಡಲಾಗುವುದಿಲ್ಲ ನಿಜ. ಆದರೆ ಹೇಳಿದ ಮೇಲೆ ತರಬೇತಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಇರುವುದು ಮುಕ್ಕಾಲು ನಿಮಿಷ. ಅದರಲ್ಲಿ ಎರಡು ಬಾಳನ್ನು ಹೇಳಲಾಗದು, ಒಂದನ್ನು ಆರಿಸಿಕೊಳ್ಳಬೇಕು. ನಾವು ಕರೆದಿದ್ದು ತರಬೇತುದಾರರನ್ನು.

ಕೊನೆಗೆ ಉಳಿದದ್ದು ಇಷ್ಟು:

‘ಮೂವತ್ತು ಮೀಟರ್!
ರಿಲೇ ಓಟದಲ್ಲಿ ಬ್ಯಾಟನ್ ಕೈ ಬದಲಾಯಿಸಲು ಇರುವುದು ಅಷ್ಟೇ ಜಾಗ.
ನಿಲ್ಲುವಂತಿಲ್ಲ. ತಿರುಗಿ ನೋಡುವಂತಿಲ್ಲ.
ಹಿಂದಿನಿಂದ ಒಂದೇ ಕೂಗು: ಕೈ!
ಚಾಚಿದ ಕೈಗೆ ಬ್ಯಾಟನ್ ಬಂದೇ ಬರಬೇಕು.
ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಆ ಮೂವತ್ತು ಮೀಟರ್ ಕಲಿಸುತ್ತಿರುವವರು ಇಂದು ನಮ್ಮ ಮೈದಾನದಲ್ಲಿದ್ದಾರೆ.
ಇವರು ಅಣಿಗೊಳಿಸಿದ ಹುಡುಗಿಯರ ತಂಡ ಕಳೆದ ವರ್ಷ ರಾಜ್ಯ ಮಟ್ಟದಲ್ಲಿ ಬೆಳ್ಳಿ ಗೆದ್ದಿದೆ.
ಮಕ್ಕಳೇ, ನಮ್ಮ ಇಂದಿನ ಮುಖ್ಯ ಅತಿಥಿ, ರಿಲೇ ತರಬೇತುದಾರರು, ಶ್ರೀಮತಿ…’

ಆಮೇಲೆ ಹೆಸರು. ಹೆಸರಿನ ನಂತರ ಏನೂ ಇಲ್ಲ. ‘ಅವರನ್ನು ತುಂಬು ಹೃದಯದಿಂದ ಸ್ವಾಗತಿಸುತ್ತೇನೆ’ ಇಲ್ಲ, ‘ಜೋರಾದ ಚಪ್ಪಾಳೆ ಬರಲಿ’ ಇಲ್ಲ. ಹೆಸರು ಕೇಳಿದ ಕೂಡಲೇ ಚಪ್ಪಾಳೆ ಶುರುವಾಗುತ್ತದೆ, ಅದರ ನಂತರ ಏನು ಹೇಳಿದರೂ ಅದರಡಿ ಮುಳುಗುತ್ತದೆ. ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಇನ್ನೂ ಕಷ್ಟ. ಮಕ್ಕಳು ಆಗಲೇ ಚಪ್ಪಾಳೆ ತಟ್ಟಿ ಮುಗಿಸಿರುತ್ತಾರೆ, ಉಳಿದ ಪರಿಚಯವನ್ನು ಮುಗಿದ ಕಾರ್ಯಕ್ರಮದಂತೆ ಕೇಳುತ್ತಾರೆ, ಕೊನೆಯಲ್ಲಿ ಮತ್ತೆ ತಟ್ಟಬೇಕೋ ಬೇಡವೋ ಎಂದು ಶಿಕ್ಷಕರ ಕಡೆ ನೋಡುತ್ತಾರೆ. ಆ ಅರೆಮನಸ್ಸಿನ ಚಪ್ಪಾಳೆಯ ನಡುವೆ ಅತಿಥಿ ಏಳಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ನಿಂತಿರುತ್ತಾರೆ.

ಮೊದಲ ಕರಡಿನಲ್ಲಿ ‘ಬ್ಯಾಟನ್ ಕೊಡುವವರು ಏನೆಂದು ಕೂಗುತ್ತಾರೆ ಮಕ್ಕಳೇ?’ ಎಂಬ ಪ್ರಶ್ನೆ ಇತ್ತು. ಮೈದಾನವೆಲ್ಲ ‘ಕೈ!’ ಎಂದು ಕೂಗಿದರೆ ಎಂಥ ಹುರುಪು ಎಂದು ಎಲ್ಲರಿಗೂ ಅನ್ನಿಸಿತ್ತು. ನಾನೇ ಬೇಡವೆಂದೆ. ಬಯಲಿನಲ್ಲಿ ಪ್ರಶ್ನೆ ಕೇಳುವುದು ಜೂಜು. ಮುಂದಿನ ಸಾಲಿನ ನಾಲ್ವರು ಉತ್ತರಿಸಿ ಉಳಿದವರು ಸುಮ್ಮನಿದ್ದರೆ ಹುರುಪು ಅಲ್ಲೇ ಕುಸಿಯುತ್ತದೆ. ‘ಏನು, ಕೇಳಿಸಲಿಲ್ಲ, ಇನ್ನೂ ಜೋರಾಗಿ’ ಎಂದು ನಿರೂಪಕರು ಬೇಡಲು ಶುರುಮಾಡಿದರೆ ಮುಗಿಯಿತು, ಅತಿಥಿಯ ಪರಿಚಯ ಹೋಗಿ ಮಕ್ಕಳ ಗಂಟಲಿನ ಪರೀಕ್ಷೆಯಾಗುತ್ತದೆ. ರಿಲೇ ಓಡುವ ಮಕ್ಕಳು ಮಾತ್ರ ಆ ಕೂಗನ್ನು ಬಲ್ಲವರು. ಉಳಿದವರಿಗೆ ನಾವೇ ಅದನ್ನು ತಿಳಿಸಬೇಕು. ಹಾಗಾಗಿ ಪ್ರಶ್ನೆ ಹೋಗಿ ಕೂಗು ಮಾತ್ರ ಉಳಿಯಿತು.

ಓದಿದ್ದು ಒಂಬತ್ತನೆಯ ತರಗತಿಯ ಹುಡುಗಿ. ಅಭ್ಯಾಸದ ಹೊತ್ತಿನಲ್ಲಿ ಅವಳು ಮೊದಲ ಪದದಿಂದಲೇ ಕಿರುಚಿದಳು. ಹುರುಪೆಂದರೆ ಗಟ್ಟಿ ದನಿ ಎಂದು ಎಲ್ಲ ಮಕ್ಕಳೂ ತಿಳಿದಿರುತ್ತಾರೆ, ದೊಡ್ಡವರಲ್ಲೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಧ್ವನಿವರ್ಧಕಕ್ಕೆ ಅದರದ್ದೇ ಮಿತಿಯಿದೆ. ಮೈಕಿನ ಮುಂದೆ ಕಿರುಚಿದರೆ ದನಿ ಹೆಚ್ಚುವುದಿಲ್ಲ, ಒಡೆಯುತ್ತದೆ. ವ್ಯಂಜನಗಳು ಸವೆದು ಸ್ವರ ಮಾತ್ರ ಉಳಿಯುತ್ತದೆ, ‘ಬ್ಯಾಟನ್’ ಬರೀ ‘ಆ…ಆ’ ಆಗಿ ಕೇಳುತ್ತದೆ. ಇನ್ನು ಮೊದಲ ಸಾಲಿನಲ್ಲೇ ದನಿ ತಾರಕಕ್ಕೆ ಹೋದರೆ ಹೆಸರಿನ ಹೊತ್ತಿಗೆ ಏರಲು ಮೆಟ್ಟಿಲೇ ಇರುವುದಿಲ್ಲ. ಅವಳಿಗೆ ಹೇಳಿದ್ದು ಎರಡೇ ಮಾತು. ಮಾಮೂಲು ದನಿಯಲ್ಲಿ ಶುರುಮಾಡು, ಕಿರುಚುವುದಾದರೆ ‘ಕೈ!’ ಒಂದನ್ನು ಮಾತ್ರ, ಅದೂ ಮೈಕನ್ನು ಸ್ವಲ್ಪ ದೂರ ಹಿಡಿದು. ಮತ್ತೆ ಪ್ರತಿ ಪೂರ್ಣವಿರಾಮದಲ್ಲಿ ನಿನ್ನ ಮಾತು ಆಚೆ ತುದಿಯಿಂದ ಮರಳಿ ಕೇಳುವ ತನಕ ಕಾಯಿ.

ಎರಡನೆಯದು ಕಷ್ಟದ್ದು. ಮೈಕ್ ಹಿಡಿದವರಿಗೆ ಒಂದು ಸೆಕೆಂಡಿನ ಮೌನ ಒಂದು ಯುಗ. ಮಕ್ಕಳು ಅದನ್ನು ತುಂಬಲು ಧಾವಿಸುತ್ತಾರೆ. ಅದಕ್ಕಾಗಿ ಬರೆದುಕೊಟ್ಟ ರಟ್ಟಿನ ಮೇಲೆ ಪ್ರತಿ ವಾಕ್ಯದ ನಂತರ ಕೆಂಪು ಗೀಟು ಎಳೆದೆವು, ಗೀಟು ಕಂಡಲ್ಲಿ ಉಸಿರು. ರಟ್ಟು ಎಂದೆ, ಹಾಳೆಯಲ್ಲ. ತೆಳ್ಳನೆಯ ಹಾಳೆ ಗಾಳಿಗೆ ಮಡಚುತ್ತದೆ, ಮೈಕಿಗೆ ತಾಗಿ ಸರಸರ ಸದ್ದು ಮಾಡುತ್ತದೆ. ಅಂಗೈಯಗಲದ ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡರೆ ಒಂದೇ ಕೈಯಲ್ಲಿ ಹಿಡಿಯಬಹುದು, ಇನ್ನೊಂದು ಕೈ ಮೈಕಿಗೆ. ಅಂಗೈಯಗಲಕ್ಕಿಂತ ಹೆಚ್ಚು ಬರೆಯಲು ಜಾಗ ಇಲ್ಲದಿರುವುದೂ ಒಂದು ಅನುಕೂಲವೇ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬಂದು ‘ಇದೊಂದು ಪ್ರಶಸ್ತಿ ಸೇರಿಸಿಬಿಡಿ’ ಎಂದರೆ ರಟ್ಟನ್ನು ತೋರಿಸಿದರಾಯಿತು.

ಸೇರಿಸಬೇಕೆಂಬ ಒತ್ತಡ ಬಂದೇ ಬರುತ್ತದೆ. ‘ಇಷ್ಟು ಚಿಕ್ಕದಾದರೆ ಅತಿಥಿಗೆ ಅಗೌರವವಾಗುವುದಿಲ್ಲವೇ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬರೆದು ಕಳಿಸಿದ ಹದಿನಾಲ್ಕು ಅಂಶಗಳಲ್ಲಿ ಹನ್ನೆರಡನ್ನು ಕೈಬಿಟ್ಟರೆ ಕಳಿಸಿದವರಿಗೆ ಏನನ್ನಿಸಬಹುದು? ಅದಕ್ಕೊಂದು ದಾರಿ ಇದೆ. ಪೂರ್ಣ ಪರಿಚಯವನ್ನು ಆಮಂತ್ರಣದ ಜೊತೆಗಿನ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚು ಹಾಕಿಸಬಹುದು, ಸೂಚನಾ ಫಲಕದಲ್ಲಿ ಹಚ್ಚಬಹುದು. ಅಲ್ಲಿ ಓದುವವರಿಗೆ ಬಿಡುವಿರುತ್ತದೆ. ನಾವು ಹಾಗೆಯೇ ಮಾಡಿದೆವು. ‘ಇವರ ಪರಿಚಯ ಮಾಡುವುದೆಂದರೆ ಸೂರ್ಯನಿಗೆ ದೀಪ ತೋರಿಸಿದಂತೆ’ ಎಂದು ಶುರುಮಾಡಿ ನಾಲ್ಕು ನಿಮಿಷ ದೀಪ ತೋರಿಸುವುದು ಗೌರವ ಎಂದು ನನಗಂತೂ ಅನ್ನಿಸಿಲ್ಲ.

ಪರಿಚಯ ಎಲ್ಲಿ ಬರಬೇಕು ಎಂಬುದರಲ್ಲೂ ನಾವು ರೂಢಿಯನ್ನು ತುಸು ಬದಲಾಯಿಸಿದೆವು. ಸಾಮಾನ್ಯವಾಗಿ ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರತಿಜ್ಞೆ ಎಲ್ಲ ಮುಗಿದು ಅತಿಥಿಯ ಭಾಷಣಕ್ಕೆ ಮುಂಚೆ ಪರಿಚಯ ಇಟ್ಟಿರುತ್ತಾರೆ. ಅಂದರೆ ಮಕ್ಕಳು ಅತಿಥಿಗೆ ಗೌರವ ವಂದನೆ ಸಲ್ಲಿಸಿ ಮುಂದೆ ಸಾಗುವಾಗ ತಾವು ವಂದಿಸುತ್ತಿರುವುದು ಯಾರಿಗೆ ಎಂದೇ ಅವರಿಗೆ ತಿಳಿದಿರುವುದಿಲ್ಲ. ಆ ಹೊತ್ತಿಗೆ ಅವರು ನಿಂತು, ನಡೆದು ದಣಿದಿರುತ್ತಾರೆ ಬೇರೆ. ಪರಿಚಯವನ್ನು ಧ್ವಜಾರೋಹಣಕ್ಕೆ ಮುಂಚೆ ಎತ್ತಿ ಇಟ್ಟರೆ ಮುಂದಿನದ್ದಕ್ಕೆಲ್ಲ ಅರ್ಥ ಬರುತ್ತದೆ: ಧ್ವಜ ಏರಿಸುತ್ತಿರುವುದು ಆ ‘ಕೈ!’ ಮೇಡಂ, ವಂದನೆ ಸ್ವೀಕರಿಸುತ್ತಿರುವುದು ಆ ‘ಕೈ!’ ಮೇಡಂ. ಭಾಷಣಕ್ಕೆ ಮುಂಚೆ ಮತ್ತೆ ಪರಿಚಯ ಬೇಡ. ‘ಮೂವತ್ತು ಮೀಟರಿನ ಮೇಡಂ ಈಗ ನಮ್ಮೊಡನೆ ಮಾತಾಡುತ್ತಾರೆ’ ಎಂಬ ಒಂದು ವಾಕ್ಯ ಸಾಕು. ಇದಕ್ಕೊಂದು ಮಿತಿಯೂ ಇದೆ. ಅತಿಥಿ ತಡವಾಗಿ ಬಂದು ಪಥಸಂಚಲನ ಅವರಿಲ್ಲದೆಯೇ ಶುರುವಾದರೆ ಈ ಏರ್ಪಾಡು ನಡೆಯುವುದಿಲ್ಲ. ಖಾಲಿ ಕುರ್ಚಿಯನ್ನು ಪರಿಚಯಿಸಲಾಗುವುದಿಲ್ಲವಲ್ಲ. ಅಂಥ ಪ್ರಸಂಗಕ್ಕಾಗಿ ಅದೇ ರಟ್ಟನ್ನು ಬಹುಮಾನ ವಿತರಣೆಗೆ ಮುಂಚೆ ಓದುವಂತೆ ಹುಡುಗಿಗೆ ಹೇಳಿಟ್ಟಿದ್ದೆವು.

ಅಂದು ಅದರ ಅಗತ್ಯ ಬೀಳಲಿಲ್ಲ. ಹುಡುಗಿ ‘ಮೂವತ್ತು ಮೀಟರ್!’ ಎಂದು ನಿಲ್ಲಿಸಿದಾಗ ಮುಂದಿನ ಸಾಲುಗಳಲ್ಲಿ ಮಾತು ನಿಂತಿತು. ಬರೀ ಅಂಕಿಯೊಂದನ್ನು ಕೇಳಿದರೆ ಮುಂದೇನು ಎಂದು ಕಿವಿ ಕಾಯುತ್ತದೆ. ‘ಕೈ!’ ಎಂದಾಗ ನಮ್ಮ ರಿಲೇ ತಂಡದ ಹುಡುಗರು ಯಾರೂ ಹೇಳದೆಯೇ ಕೈಯನ್ನು ಹಿಂದಕ್ಕೆ ಚಾಚಿದರು. ಅವರ ಹಿಂದಿನ ಸಾಲಿನವರು ನಕ್ಕರು. ಅತಿಥಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಯಾವ ಮಕ್ಕಳು ಅವರು ಎಂದು ಹುಡುಕುತ್ತಿದ್ದರು. ಓದುವಾಗ ಮಕ್ಕಳ ಕಡೆಗೇ ನೋಡು, ಹೆಸರು ಹೇಳುವಾಗ ಮಾತ್ರ ಅತಿಥಿಯ ಕಡೆಗೆ ತಿರುಗು ಎಂದು ಹುಡುಗಿಗೆ ಕಲಿಸಿದ್ದೆವು. ಅವಳು ತಿರುಗಿದಳು, ಹೆಸರು ಹೇಳಿದಳು, ಮೈಕ್ ಇಳಿಸಿದಳು. ಅವರು ಎದ್ದು ನಿಂತರು. ಚಪ್ಪಾಳೆಗೆ ಯಾರೂ ಕೇಳಿಕೊಳ್ಳಬೇಕಾಗಲಿಲ್ಲ.

ಆಮೇಲೆ ಭಾಷಣದ ಸರದಿ ಬಂದಾಗ ಅವರು ತಮ್ಮ ಬಗ್ಗೆ ಏನೂ ಹೇಳಲಿಲ್ಲ, ‘ಈಗಾಗಲೇ ನನ್ನ ಬಗ್ಗೆ ಬಹಳ ಹೊಗಳಿದ್ದಾರೆ, ನಾನು ಅದಕ್ಕೆ ಅರ್ಹಳಲ್ಲ’ ಎಂಬ ಮಾಮೂಲು ಪೀಠಿಕೆಯೂ ಇರಲಿಲ್ಲ. ಹೊಗಳಿಕೆಯೇ ಇರಲಿಲ್ಲವಾದ್ದರಿಂದ ಅದನ್ನು ನಿರಾಕರಿಸುವ ಪ್ರಮೇಯ ಬರಲಿಲ್ಲ. ‘ಆಗ ಕೈ ಚಾಚಿದವರು ಯಾರು? ಇಲ್ಲಿ ಬನ್ನಿ’ ಎಂದು ನಾಲ್ವರನ್ನು ಕರೆದು, ಬ್ಯಾಟನ್ ತರಿಸಿ, ವೇದಿಕೆಯಿಂದ ಇಳಿದು, ಎರಡನೆಯ ಹುಡುಗನ ಅಂಗೈಯನ್ನು ತಾವೇ ಹಿಡಿದು ಹೆಬ್ಬೆರಳನ್ನು ಬೆರಳುಗಳಿಂದ ಅಗಲಿಸಿ ತೋರಿಸಿದರು. ಹೆಬ್ಬೆರಳು ಮುಚ್ಚಿಕೊಂಡಿದ್ದರೆ ಬ್ಯಾಟನ್‌ಗೆ ಕೂರಲು ಜಾಗವಿಲ್ಲ ಎಂದರು. ನಮ್ಮ ದೈಹಿಕ ಶಿಕ್ಷಕರು ಜೇಬಿನಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ವಂದನಾರ್ಪಣೆ ಮಾಡಬೇಕಿದ್ದ ಸಹೋದ್ಯೋಗಿ ನನ್ನ ಬಳಿ ಬಂದು, ಅವರ ಕೈಯಲ್ಲಿದ್ದ ಹಾಳೆಯಲ್ಲಿ ಅತಿಥಿಯ ಪ್ರಶಸ್ತಿಗಳು ಮತ್ತೆ ಮೊದಲಿಂದ ಬರೆದಿರುವುದನ್ನು ತೋರಿಸಿ, ‘ಇದನ್ನೇನು ಮಾಡಲಿ?’ ಎಂದು ಕೇಳಿದರು. ಹೆಬ್ಬೆರಳಿನ ವಿಷಯ ಹೇಳಿ ವಂದಿಸಿಬಿಡಿ ಎಂದೆ.